ಮೀಟರ್ ಚೆನ್ನಾಗಿದೆ ಅನ್ನುತ್ತೆ, ಕೊಡದ ನೀರು ಮಾತ್ರ ರಾಡಿ: ಭೀಮೆಯ ಹೊಸ ನೀರು ಯಾಕೆ ತಿಳಿಯಾಗುವುದಿಲ್ಲ?

ಮಳೆಗಾಲದಲ್ಲಿ ಭೀಮೆಗೆ ಹೊಸ ನೀರು ಬಂತು ಅಂದರೆ ಕಲಬುರಗಿ, ಯಾದಗಿರಿ ಕಡೆಯ ಪೇಪರ್‌ಗಳಲ್ಲಿ ಒಂದು ಸುದ್ದಿ ಖಾಯಂ. ನಳದಲ್ಲಿ ರಾಡಿ ನೀರು ಬರುತ್ತಿದೆ, ಕಾಯಿಸಿ ಸೋಸಿ ಕುಡಿಯಿರಿ. ಅದರ ಹಿಂದೆಯೇ ಮೊಬೈಲ್‌ನಲ್ಲಿ ಎರಡು ಫೋಟೋ ಓಡಾಡುತ್ತವೆ. ಒಂದರಲ್ಲಿ ಹಾಲು ಹಾಕಿದ ಚಹಾದ ಬಣ್ಣದ ನದಿ ನೀರು, ಅದರೊಳಗೆ ಅದ್ದಿದ ಟಿಡಿಎಸ್ ಮೀಟರ್ 80 ತೋರಿಸುತ್ತಿದೆ. ಇನ್ನೊಂದರಲ್ಲಿ ಗಾಜಿನಂಥ ಬೋರ್‌ವೆಲ್ ನೀರು, ಮೀಟರ್ 600 ಅನ್ನುತ್ತಿದೆ. ಟಿಡಿಎಸ್ ಕಡಿಮೆ ಇದ್ದಷ್ಟು ನೀರು ಒಳ್ಳೆಯದು ಅಂತ ಆರ್‌ಒ ಮಾರುವವರು ಹೇಳಿಕೊಟ್ಟಿದ್ದಾರೆ. ಹಾಗಾದರೆ ಮೀಟರ್ ಕೆಟ್ಟಿದೆಯಾ, ಕಣ್ಣು ಕೆಟ್ಟಿದೆಯಾ?

ಎರಡೂ ಸರಿ ಇವೆ. ಟಿಡಿಎಸ್ ಮೀಟರ್ ಮಣ್ಣನ್ನು ನೋಡುವುದೇ ಇಲ್ಲ. ನೀರಲ್ಲಿ ಕರಗಿದ ಉಪ್ಪುಗಳ ಮೂಲಕ ಎಷ್ಟು ವಿದ್ಯುತ್ ಹರಿಯುತ್ತೆ ಅನ್ನುವುದನ್ನಷ್ಟೇ ಅಳೆದು, ಅದನ್ನು ಲೀಟರಿಗೆ ಇಷ್ಟು ಮಿಲಿಗ್ರಾಂ ಅಂತ ತಿರುಗಿಸಿ ಹೇಳುತ್ತೆ. ಇಷ್ಟಕ್ಕೇ ಬಿಟ್ಟರೆ ಅರ್ಧ ಉತ್ತರ. ಉಳಿದ ಅರ್ಧವೇ ಸೋಜಿಗದ್ದು. ಹೊಸ ನೀರಲ್ಲಿ ಉಪ್ಪು ಕಡಿಮೆ ಇರುವುದು ಮತ್ತು ಅದು ದಿನಗಟ್ಟಲೆ ರಾಡಿಯಾಗೇ ಉಳಿಯುವುದು ಬೇರೆ ಬೇರೆ ವಿಷಯಗಳಲ್ಲ. ಉಪ್ಪು ಕಡಿಮೆ ಇರುವುದರಿಂದಲೇ ರಾಡಿ ಇಳಿಯುವುದಿಲ್ಲ. ನಡುವೆ ಇರುವ ಕೊಂಡಿಯ ಹೆಸರು ಡಿಬೈ ಉದ್ದ. ಒಂದು ಚಾರ್ಜಿನ ಪ್ರಭಾವ ಸುತ್ತಲಿನ ಅಯಾನುಗಳ, ಅಂದರೆ ಚಾರ್ಜ್ ಹೊತ್ತ ಪುಟ್ಟ ಕಣಗಳ, ಮರೆಗೆ ಸಿಕ್ಕಿ ಎಷ್ಟು ದೂರದಲ್ಲಿ ಕುಗ್ಗಿಹೋಗುತ್ತೆ ಅನ್ನುವ ಅಳತೆ ಅದು.

ಮಣ್ಣು ಮುಳುಗಬೇಕಲ್ವಾ?

ಮಣ್ಣು ನೀರಿಗಿಂತ ಎರಡೂವರೆ ಪಟ್ಟು ಭಾರ. ಮರಳು ಹಾಕಿದ ಕೂಡಲೇ ತಳ ಸೇರುತ್ತೆ. ಜೇಡಿಯ ಕಣದ ಕತೆ ಬೇರೆ. ಒಂದು ಮೈಕ್ರೋಮೀಟರ್, ಅಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗದಷ್ಟು ದಪ್ಪದ ಕಣ ಕೊಡದಲ್ಲಿ 30 ಸೆಂಟಿಮೀಟರ್ ಇಳಿಯಲು ಮೂರು–ನಾಲ್ಕು ದಿನ ಬೇಕು. ಅದರ ಐದನೇ ಒಂದು ಭಾಗದ ಕಣಕ್ಕೆ 25 ಪಟ್ಟು ಹೆಚ್ಚು ಸಮಯ, ಅಂದರೆ ಸುಮಾರು ಮೂರು ತಿಂಗಳು. ಅಷ್ಟರಲ್ಲಿ ನೀರಿನ ಸಣ್ಣ ಅಲುಗಾಟವೇ ಅದನ್ನು ಮತ್ತೆ ಮೇಲೆತ್ತಿರುತ್ತೆ.

ಇಂಥ ಕಣಗಳು ಬೇಗ ಇಳಿಯಲು ಒಂದೇ ದಾರಿ. ಒಂದಕ್ಕೊಂದು ಅಂಟಿ, ಕಣ್ಣಿಗೆ ಕಾಣುವಷ್ಟು ದೊಡ್ಡ ಗಂಟಾಗಬೇಕು. ಕಣಗಳು ನೀರಲ್ಲಿ ಯಾವಾಗಲೂ ಓಡಾಡುತ್ತಿರುತ್ತವೆ, ಎದುರುಬದುರಾಗುತ್ತಲೇ ಇರುತ್ತವೆ. ಆದರೂ ಅಂಟುವುದಿಲ್ಲ. ಯಾಕೆ?

ಕಲಬುರಗಿ ಭಾಗದ ತೊಗರಿ ಬೆಳೆಯುವ ಎರಿ ಮಣ್ಣು ದಖನ್ನಿನ ಕಪ್ಪು ಬಸಾಲ್ಟ್ ಕಲ್ಲು ಸವೆದು ಆದದ್ದು. ಅದರಲ್ಲಿ ಸ್ಮೆಕ್ಟೈಟ್ ಅನ್ನುವ ಜೇಡಿ ಜಾಸ್ತಿ. ಈ ಜೇಡಿಯ ಒಂದೊಂದು ಹಾಳೆ ಸುಮಾರು 1 ನ್ಯಾನೋಮೀಟರ್ ದಪ್ಪ, ಅಗಲ ಮಾತ್ರ ಅದರ ನೂರಾರು ಪಟ್ಟು. ಹರಳು ಬೆಳೆಯುವಾಗ ಮೂರು ಧನ ಚಾರ್ಜಿನ ಅಲ್ಯೂಮಿನಿಯಂ ಕೂರಬೇಕಾದ ಕೆಲವು ಜಾಗದಲ್ಲಿ ಎರಡು ಧನ ಚಾರ್ಜಿನ ಮೆಗ್ನೀಸಿಯಂ ಕೂತಿರುತ್ತೆ. ಅಲ್ಲೆಲ್ಲ ಒಂದೊಂದು ಧನ ಚಾರ್ಜ್ ಕೊರತೆ. ಹಾಗಾಗಿ ಇಡೀ ಹಾಳೆಯ ಮೈಮೇಲೆ ಋಣ ಚಾರ್ಜ್. ಈ ಕೊರತೆ ಹರಳಿನ ಒಳಗೇ ಇರುವುದರಿಂದ ಎಷ್ಟು ತೊಳೆದರೂ ಹೋಗುವುದಿಲ್ಲ.

ಎಲ್ಲ ಹಾಳೆಗಳದ್ದೂ ಋಣ ಚಾರ್ಜ್. ಒಂದನ್ನೊಂದು ದೂಡುತ್ತವೆ. ಇಲ್ಲಿವರೆಗೆ ಶಾಲೆಯ ಪಾಠ. ಆದರೆ ಎಷ್ಟು ದೂರದಿಂದ ದೂಡುತ್ತವೆ? ಇಡೀ ಪ್ರಶ್ನೆ ನಿಂತಿರುವುದು ಈ ದೂರದ ಮೇಲೆ.

ಖಾಲಿ ಜಾಗದಲ್ಲಿ ಒಂದು, ಉಪ್ಪು ನೀರಲ್ಲಿ ಇನ್ನೊಂದು

ಖಾಲಿ ಜಾಗದಲ್ಲಿ ಒಂಟಿ ಚಾರ್ಜ್ ಇಟ್ಟರೆ ಅದರ ವಿದ್ಯುತ್ ಕ್ಷೇತ್ರ ದೂರದ ವರ್ಗಕ್ಕೆ ತಕ್ಕಂತೆ ಕಡಿಮೆಯಾಗುತ್ತೆ. ದೂರ ಎರಡು ಪಟ್ಟಾದರೆ ಕ್ಷೇತ್ರ ಕಾಲು ಭಾಗ. ಇಲ್ಲಿ ಒಂದು ಸಂಗತಿ ಗಮನಿಸಬೇಕು. ಚಾರ್ಜಿನಿಂದ ಹೊರಟ ಬಲರೇಖೆಗಳಲ್ಲಿ ಒಂದೂ ನಡುವೆ ಸಾಯುವುದಿಲ್ಲ. ಹರಡಿಕೊಂಡು ವಿರಳವಾಗುತ್ತವೆ, ಅಷ್ಟೇ. ಅಗಲವಾದ ಚಪ್ಪಟೆ ಹಾಳೆಯಾದರೆ ರೇಖೆಗಳಿಗೆ ಹರಡಲೂ ಜಾಗ ಇಲ್ಲ, ಎಲ್ಲ ನೇರ ಹೊರಗೆ ಹೋಗುತ್ತವೆ. ಹಾಳೆಯ ಹತ್ತಿರ ಕ್ಷೇತ್ರ ಕುಗ್ಗುವುದೇ ಇಲ್ಲ.

ನೀರಲ್ಲಿ ಹಾಗಲ್ಲ. ನೀರಲ್ಲಿ ಕರಗಿದ ಉಪ್ಪು ಅಯಾನುಗಳಾಗಿ ಒಡೆದಿರುತ್ತೆ. ಕ್ಯಾಲ್ಸಿಯಂ, ಸೋಡಿಯಂ ಧನ. ಬೈಕಾರ್ಬೋನೇಟ್, ಕ್ಲೋರೈಡ್ ಋಣ. ಜೇಡಿ ಹಾಳೆಯ ಋಣ ಚಾರ್ಜ್ ಧನ ಅಯಾನುಗಳನ್ನು ಹತ್ತಿರ ಎಳೆಯುತ್ತೆ, ಋಣ ಅಯಾನುಗಳನ್ನು ದೂರ ಅಟ್ಟುತ್ತೆ. ಹೀಗೆ ಹಾಳೆಯ ಸುತ್ತ ಧನ ಅಯಾನುಗಳ ಒಂದು ಮೋಡ ಕಟ್ಟುತ್ತೆ. ಬಲರೇಖೆಗಳು ಈ ಮೋಡದಲ್ಲೇ ಒಂದೊಂದಾಗಿ ಮುಗಿಯುತ್ತವೆ. ಮೋಡದ ಹೊರಗೆ ನಿಂತು ನೋಡಿದವರಿಗೆ ಹಾಳೆ ಮತ್ತು ಮೋಡ ಸೇರಿ ಸೊನ್ನೆ. ಚಾರ್ಜ್ ಇದ್ದಲ್ಲೇ ಇದೆ, ಮರೆಯಾಗಿದೆ.

ಹಾಗಾದರೆ ಧನ ಅಯಾನುಗಳೆಲ್ಲ ಹೋಗಿ ಹಾಳೆಗೆ ಒತ್ತಿ ಕೂತುಬಿಡಬಹುದಿತ್ತಲ್ವಾ? ಮರೆ ಒಂದೇ ಪದರದಲ್ಲಿ ಮುಗಿಯುತ್ತಿತ್ತು. ಅದನ್ನು ತಡೆಯುವುದು ಶಾಖ. ನೀರಿನ ಬಿಸಿಗೆ ಅಯಾನುಗಳು ಒಂದೇ ಸಮನೆ ಚದುರುತ್ತಿರುತ್ತವೆ. ಎಳೆತ ಒಂದು ಕಡೆ, ಚದುರುವಿಕೆ ಇನ್ನೊಂದು ಕಡೆ. ಈ ಜಗ್ಗಾಟದ ರಾಜಿಯೇ ಮೋಡದ ದಪ್ಪ.

ದಾಸೋಹದ ಪಂಕ್ತಿ

ಈಗ ಮುಖ್ಯ ಪ್ರಶ್ನೆ. ಕ್ಷೇತ್ರ ಇಂಥ ಕಡೆ ಪಟ್ಟನೆ ನಿಲ್ಲುವುದಿಲ್ಲ. ಸಮನಾಗಿ ಇಳಿಯುತ್ತಾ ಸೊನ್ನೆ ಮುಟ್ಟುವುದೂ ಇಲ್ಲ. ಘಾತೀಯವಾಗಿ ಕುಗ್ಗುತ್ತೆ, ಅಂದರೆ ಪ್ರತಿ ಹೆಜ್ಜೆಗೂ ಉಳಿದದ್ದರ ಒಂದೇ ಪಾಲು ಕಳೆದುಕೊಳ್ಳುತ್ತಾ ಹೋಗುತ್ತೆ. ಯಾಕೆ?

ದಾಸೋಹದ ಪಂಕ್ತಿಯಲ್ಲಿ ಬುಟ್ಟಿ ತುಂಬ ರೊಟ್ಟಿ ಹಿಡಿದು ಬಡಿಸುತ್ತಾ ಬರುತ್ತಾರೆ ಅಂದುಕೊಳ್ಳಿ. ಬುಟ್ಟಿಯಲ್ಲಿ 81 ರೊಟ್ಟಿ. ಪ್ರತಿ ಸಾಲೂ ಲೆಕ್ಕ ಇಟ್ಟು 20 ತೆಗೆದುಕೊಂಡರೆ ನಾಲ್ಕು ಸಾಲಿಗೆ ಒಂದೇ ಉಳಿಯುತ್ತೆ, ಐದನೇ ಸಾಲಿಗೆ ಮುಗಿಯಿತು. ಅದರ ಬದಲು ಪ್ರತಿ ಸಾಲೂ ಬುಟ್ಟಿಯಲ್ಲಿ ಕಂಡದ್ದರ ಮೂರನೇ ಒಂದು ಪಾಲು ಎತ್ತಿಕೊಂಡರೆ? 81, 54, 36, 24, 16. ಬುಟ್ಟಿ ಬೇಗ ಹಗುರಾಗುತ್ತೆ, ಪೂರ್ತಿ ಖಾಲಿ ಮಾತ್ರ ಆಗುವುದಿಲ್ಲ. ತೆಗೆದುಕೊಳ್ಳುವುದು ಉಳಿದದ್ದಕ್ಕೆ ತಕ್ಕಂತೆ ಇದ್ದರೆ ಘಾತೀಯ ಕುಸಿತ ತಾನಾಗೇ ಬರುತ್ತೆ.

ಅಯಾನುಗಳೂ ಹೀಗೆ ಪಾಲಿನ ಲೆಕ್ಕದಲ್ಲೇ ತಿನ್ನುತ್ತವೆ ಅಂತ ಹೇಗೆ ಗೊತ್ತು? ಒಂದು ಸಣ್ಣ ಲೆಕ್ಕ ಸಾಕು. ಕೋಣೆಯ ಬಿಸಿಯಲ್ಲಿ ಶಾಖದ ಚದುರುವಿಕೆಯನ್ನು ವೋಲ್ಟಿನ ಭಾಷೆಯಲ್ಲಿ ಹೇಳಿದರೆ ಸುಮಾರು 25 ಮಿಲಿವೋಲ್ಟ್. ಹಾಳೆಯಿಂದ ಸ್ವಲ್ಪ ದೂರದಲ್ಲಿ ವಿಭವ, ಅಂದರೆ ವಿದ್ಯುತ್ತಿನ ಒತ್ತಡ, 5 ಮಿಲಿವೋಲ್ಟ್ ಋಣ ಇದೆ ಅನ್ನೋಣ. ಅಲ್ಲಿ ಒಂಟಿ ಚಾರ್ಜಿನ ಧನ ಅಯಾನುಗಳ ಸಂಖ್ಯೆ ಮಾಮೂಲಿಗಿಂತ 1.22 ಪಟ್ಟು, ಋಣ ಅಯಾನುಗಳದ್ದು 0.82 ಪಟ್ಟು. ವ್ಯತ್ಯಾಸ 0.40. ಇನ್ನಷ್ಟು ಹೊರಗೆ, ವಿಭವ ಅರ್ಧಕ್ಕೆ ಅಂದರೆ 2.5 ಮಿಲಿವೋಲ್ಟ್‌ಗೆ ಇಳಿದ ಕಡೆ, 1.105 ಮತ್ತು 0.905. ವ್ಯತ್ಯಾಸ 0.20. ವಿಭವ ಅರ್ಧವಾದರೆ ಅಲ್ಲಿ ಸೇರುವ ಹೆಚ್ಚುವರಿ ಚಾರ್ಜೂ ಹೆಚ್ಚುಕಡಿಮೆ ಅರ್ಧ. ಬುಟ್ಟಿಯಲ್ಲಿ ಕಂಡಷ್ಟಕ್ಕೆ ತಕ್ಕ ಪಾಲು ಅಂದರೆ ಇದೇ.

ಇದನ್ನು ಗಣಿತದಲ್ಲಿ ಬರೆದರೆ ಎರಡು ಸಾಲು. ಮೊದಲ ಸಾಲಿನಲ್ಲಿ ψ ಅನ್ನುವುದು ವಿಭವ, x ಹಾಳೆಯಿಂದ ದೂರ, λ ಡಿಬೈ ಉದ್ದ. ಎರಡನೇ ಸಾಲಿನ ψ₀ ಹಾಳೆಯ ಮೈಮೇಲಿನ ವಿಭವ.

```
d²ψ/dx² = ψ/λ²
ψ = ψ₀ · e^(−x/λ)
```

ವಿಭವದ ಗೆರೆ ಎಷ್ಟು ಬಾಗುತ್ತೆ ಅನ್ನುವುದನ್ನು ಅಲ್ಲಿರುವ ಚಾರ್ಜ್ ನಿರ್ಧರಿಸುತ್ತೆ. ಆ ಚಾರ್ಜು ವಿಭವಕ್ಕೇ ತಕ್ಕಂತೆ ಇದೆ. ಹಾಗಾಗಿ ಗೆರೆಯ ಬಾಗು ತನ್ನ ಎತ್ತರಕ್ಕೆ ತಕ್ಕಂತೆ. ಇಂಥ ಗುಣ ಇರುವ ಗೆರೆಗಳಲ್ಲಿ ದೂರ ಹೋದಂತೆ ಸೊನ್ನೆಯ ಕಡೆ ಬರುವುದು ಒಂದೇ, ಎರಡನೇ ಸಾಲಿನದ್ದು. ವಿಭವದ ಇಳಿಜಾರೇ ಕ್ಷೇತ್ರ ಆದ್ದರಿಂದ ಕ್ಷೇತ್ರವೂ ಅದೇ ಲೆಕ್ಕದಲ್ಲಿ ಕುಗ್ಗುತ್ತೆ. ಒಂದು ಡಿಬೈ ಉದ್ದ ದಾಟಿದರೆ ಶೇ 37 ಉಳಿಯುತ್ತೆ, ಎರಡಕ್ಕೆ ಶೇ 14, ಮೂರಕ್ಕೆ ಶೇ 5, ಐದಕ್ಕೆ ಶೇ 1ಕ್ಕಿಂತ ಕಡಿಮೆ. ಹಾಳೆಯ ಬದಲು ಪುಟ್ಟ ಬಿಂದುವಿನಂಥ ಚಾರ್ಜ್ ಆದರೆ ಹರಡಿಕೊಂಡು ವಿರಳವಾಗುವ ಹಳೆಯ ಕುಸಿತವೂ ಇದರ ಜೊತೆ ಸೇರುತ್ತೆ. ಆಗ ವಿಭವ e^(−r/λ)/r ಆಗುತ್ತೆ.

ಚಪ್ಪಟೆ ಮೈಯ ಲೆಕ್ಕವನ್ನು ಗೂಯಿ 1910ರಲ್ಲಿ, ಚಾಪ್‌ಮನ್ 1913ರಲ್ಲಿ ಮಾಡಿದರು. ಬಿಡಿ ಅಯಾನಿನ ಸುತ್ತಲಿನ ಮೋಡದ ಲೆಕ್ಕವನ್ನು 1923ರಲ್ಲಿ ಮಾಡಿದವರು ಡಿಬೈ ಮತ್ತು ಹ್ಯೂಕೆಲ್. ಹೆಸರು ಉಳಿದದ್ದು ಡಿಬೈಗೆ.

ಎರಡು ನೀರಿನ ಲೆಕ್ಕ

ಈ ಉದ್ದ ಎಷ್ಟು ಅನ್ನುವುದನ್ನು ಮೂರು ವಿಷಯ ತೀರ್ಮಾನಿಸುತ್ತವೆ. ಅಯಾನುಗಳು ಜಾಸ್ತಿ ಇದ್ದರೆ ಒಂದೊಂದು ಪದರವೂ ದೊಡ್ಡ ಪಾಲು ತಿನ್ನುತ್ತೆ, ಉದ್ದ ಕಡಿಮೆ. ಬಿಸಿ ಜಾಸ್ತಿ ಇದ್ದರೆ ಮೋಡ ಚದುರುತ್ತೆ, ಉದ್ದ ಜಾಸ್ತಿ. ಮೂರನೆಯದು ಅಯಾನಿನ ಚಾರ್ಜ್. ಕ್ಯಾಲ್ಸಿಯಂನಂಥ ಜೋಡಿ ಚಾರ್ಜಿನ ಅಯಾನನ್ನು ಹಾಳೆ ಎರಡು ಪಟ್ಟು ಎಳೆಯುತ್ತೆ. ಬಂದ ಮೇಲೆ ಅದು ರದ್ದು ಮಾಡುವುದೂ ಎರಡು ಪಟ್ಟು. ಎರಡೆರಡಲಿ ನಾಲ್ಕು. ಹಾಗಾಗಿ ಲೆಕ್ಕದಲ್ಲಿ ಒಂದು ಕ್ಯಾಲ್ಸಿಯಂ ನಾಲ್ಕು ಸೋಡಿಯಂಗೆ ಸಮ.

ಇದನ್ನೆಲ್ಲ ಸೇರಿಸಿದ ಅಳತೆಗೆ ಅಯಾನಿಕ ಬಲ ಅನ್ನುತ್ತಾರೆ, ಗುರುತು I. ಪ್ರತಿ ಅಯಾನಿನ ಪ್ರಮಾಣವನ್ನು ಅದರ ಚಾರ್ಜಿನ ವರ್ಗದಿಂದ ಗುಣಿಸಿ, ಎಲ್ಲ ಕೂಡಿ, ಅರ್ಧ ಮಾಡಬೇಕು. 25 ಡಿಗ್ರಿಯ ನೀರಿಗೆ ಸೂತ್ರ ಸುಲಭ. I ಲೀಟರಿಗೆ ಮೋಲ್‌ನಲ್ಲಿದ್ದರೆ ಉತ್ತರ ನ್ಯಾನೋಮೀಟರಿನಲ್ಲಿ ಬರುತ್ತೆ.

```
λ = 0.304 / √I
```

ಫೋಟೋದ ಎರಡು ನೀರಿಗೆ ಹೊಂದುವ ಮಾದರಿ ತೆಗೆದುಕೊಳ್ಳೋಣ. ಹೊಸ ನೀರಲ್ಲಿ ಲೀಟರಿಗೆ 20 ಮಿಲಿಗ್ರಾಂ ಕ್ಯಾಲ್ಸಿಯಂ, 61 ಮಿಲಿಗ್ರಾಂ ಬೈಕಾರ್ಬೋನೇಟ್. ಒಟ್ಟು 81. ಎಣಿಕೆಯ ಲೆಕ್ಕದಲ್ಲಿ 0.5 ಮತ್ತು 1 ಮಿಲಿಮೋಲ್. I ಅಂದರೆ ½ × (0.5×4 + 1×1) = 1.5 ಮಿಲಿಮೋಲ್, ಅರ್ಥಾತ್ 0.0015 ಮೋಲ್. ಡಿಬೈ ಉದ್ದ 7.85, ಹತ್ತಿರ ಹತ್ತಿರ 8 ನ್ಯಾನೋಮೀಟರ್.

ಬೋರ್‌ವೆಲ್ ನೀರಲ್ಲಿ ಕ್ಯಾಲ್ಸಿಯಂ 80 ಮಿಲಿಗ್ರಾಂ, ಬೈಕಾರ್ಬೋನೇಟ್ 244, ಅದರ ಮೇಲೆ ಸೋಡಿಯಂ ಮತ್ತು ಕ್ಲೋರೈಡ್ ತಲಾ 5 ಮಿಲಿಮೋಲ್. ಒಟ್ಟು ಸುಮಾರು 616 ಮಿಲಿಗ್ರಾಂ. I ಈಗ 11 ಮಿಲಿಮೋಲ್. ಡಿಬೈ ಉದ್ದ 2.9 ನ್ಯಾನೋಮೀಟರ್.

8 ಮತ್ತು 2.9. ಮೂರು ಪಟ್ಟೂ ಇಲ್ಲ. ಇಷ್ಟು ಸಣ್ಣ ವ್ಯತ್ಯಾಸ ಏನು ಮಾಡೀತು ಅನಿಸುತ್ತೆ. ಆದರೆ ಈ ಸಂಖ್ಯೆ ಕೂತಿರುವುದು ಘಾತದಲ್ಲಿ. ಎರಡು ಜೇಡಿ ಹಾಳೆಗಳ ನಡುವೆ 16 ನ್ಯಾನೋಮೀಟರ್ ಸಂದು ಇದೆ ಅನ್ನೋಣ. ಹೊಸ ನೀರಲ್ಲಿ ಒಂದರ ಪ್ರಭಾವ ಇನ್ನೊಂದನ್ನು ಮುಟ್ಟುವಾಗ ಶೇ 13 ಉಳಿದಿರುತ್ತೆ. ಬೋರ್ ನೀರಲ್ಲಿ ಶೇ 0.4. ಮೂವತ್ತು ಪಟ್ಟು ಅಂತರ. ಎರಡು ಫೋಟೋಗಳ ಗುಟ್ಟು ಇರುವುದು ಇಲ್ಲಿ.

ಒಂದು ಮಾತು ಸೇರಿಸಬೇಕು. ಬೋರ್ ನೀರು ತಿಳಿಯಾಗಿರಲು ಮೊದಲ ಕಾರಣ ಅದು ನೆಲದೊಳಗೆ ಸೋಸಿಕೊಂಡು ಬಂದಿರುವುದು. ಆದರೆ ಅದಕ್ಕೆ ಒಂದು ಹಿಡಿ ಎರಿ ಮಣ್ಣು ಕಲಸಿದರೂ ನದಿ ನೀರಿಗಿಂತ ಬೇಗ ತಿಳಿಯಾಗುತ್ತೆ. ಆ ಭಾಗ ಡಿಬೈ ಉದ್ದದ ಕೆಲಸ.

ದೂಡುವುದು ಸೋತರೆ ಅಂಟಿಸುವವರು ಯಾರು?

ದೂಡುವ ಬಲ ಕುಗ್ಗಿದ ಮಾತ್ರಕ್ಕೆ ಕಣಗಳು ಅಂಟಬೇಕಿಲ್ಲ. ಅಂಟಿಸಲು ಬೇರೆ ಎಳೆತ ಬೇಕು. ಅದು ವಾನ್ ಡರ್ ವಾಲ್ಸ್ ಬಲ. ಯಾವ ಎರಡು ವಸ್ತುಗಳ ನಡುವೆಯೂ ಇರುವ, ಹತ್ತಿರ ಬಂದರೆ ಮಾತ್ರ ಜೋರಾಗುವ ಎಳೆತ. ಇದಕ್ಕೆ ಉಪ್ಪಿನ ಹಂಗು ಹೆಚ್ಚುಕಡಿಮೆ ಇಲ್ಲ. ಉಪ್ಪು ಇರಲಿ ಬಿಡಲಿ, ಎಳೆಯುತ್ತಲೇ ಇರುತ್ತೆ.

ಹಾಗಾಗಿ ಇದು ಎರಡು ಬಲಗಳ ಪಂದ್ಯ. ಡಿಬೈ ಉದ್ದ ದೊಡ್ಡದಿದ್ದರೆ, ಎಳೆತ ಜೋರಾಗುವಷ್ಟು ಹತ್ತಿರ ಬರುವ ಮೊದಲೇ ಕಣಗಳ ನಡುವೆ ಒಂದು ದಿಬ್ಬ ಎದುರಾಗುತ್ತೆ. ಶಾಖ ಕೊಡುವ ತಳ್ಳಾಟಕ್ಕೆ ಆ ದಿಬ್ಬ ಏರಲಾಗುವುದಿಲ್ಲ. ಕಣಗಳು ಹಿಂದಕ್ಕೆ ಉರುಳುತ್ತವೆ, ನೀರು ರಾಡಿಯಾಗೇ ಇರುತ್ತೆ. ಉಪ್ಪು ಜಾಸ್ತಿಯಾದಂತೆ ದಿಬ್ಬ ಕುಸಿಯುತ್ತೆ. ಒಂದು ಮಟ್ಟ ದಾಟಿದ ಮೇಲೆ ದಿಬ್ಬವೇ ಇರುವುದಿಲ್ಲ, ಡಿಕ್ಕಿ ಹೊಡೆದ ಕಣಗಳೆಲ್ಲ ಅಂಟುತ್ತವೆ. ಈ ಬದಲಾವಣೆ ಮೆಲ್ಲಗೆ ಆಗುವುದಿಲ್ಲ. ಉಪ್ಪಿನ ಪ್ರಮಾಣ ಆ ಮಟ್ಟದ ಕೆಳಗಿದ್ದರೆ ದಿನಗಟ್ಟಲೆ ಏನೂ ಇಲ್ಲ, ಮೇಲಿದ್ದರೆ ನೋಡನೋಡುತ್ತಿದ್ದಂತೆ ಗಂಟು ಕಟ್ಟುತ್ತೆ. 1940ರ ದಶಕದಲ್ಲಿ ರಷ್ಯಾದ ಇಬ್ಬರು ಮತ್ತು ನೆದರ್‌ಲೆಂಡ್ಸ್‌ನ ಇಬ್ಬರು ಬೇರೆ ಬೇರೆಯಾಗಿ ಈ ಲೆಕ್ಕ ಕಟ್ಟಿದರು. ನಾಲ್ವರ ಹೆಸರಿನ ಮೊದಲ ಅಕ್ಷರ ಸೇರಿಸಿ ಅದನ್ನು ಡಿಎಲ್‌ವಿಒ ಸಿದ್ಧಾಂತ ಅನ್ನುತ್ತಾರೆ.

ಭೀಮೆ ಹೊತ್ತ ಮಣ್ಣು ಕೃಷ್ಣೆ ಸೇರಿ, ಶ್ರೀಶೈಲ, ನಾಗಾರ್ಜುನ ಸಾಗರಗಳಲ್ಲಿ ಸಿಕ್ಕಿಬೀಳದೆ ಉಳಿದದ್ದು ಬಂಗಾಳ ಕೊಲ್ಲಿ ಮುಟ್ಟುತ್ತೆ. ಸಮುದ್ರದ ನೀರಲ್ಲಿ ಡಿಬೈ ಉದ್ದ ಬರೀ 0.36 ನ್ಯಾನೋಮೀಟರ್. ಅಷ್ಟು ದೂರ ಒಂದಕ್ಕೊಂದು ಅಂಟದೆ ಬಂದ ನಮ್ಮ ಎರಿ ಮಣ್ಣು ಉಪ್ಪು ನೀರು ತಾಗಿದ್ದೇ ತಡ, ಗಂಟು ಕಟ್ಟಿ ಅಳಿವೆಯಲ್ಲಿ ಕೂರುತ್ತೆ.

ಪಟಿಕದ ಜಗಳ

ಈಗ ಪ್ರತಿ ಮಳೆಗಾಲದ ವಾದಕ್ಕೆ ಬರೋಣ. ಕೆಲವರು ಹೇಳುವುದು: ಪಟಿಕ, ಅಂದರೆ ಆಲಂ, ಕೆಮಿಕಲ್. ಅದರ ಬದಲು ನದಿ ನೀರಿಗೆ ಬೋರ್ ನೀರು ಬೆರೆಸಿ ನಿಲ್ಲಿಸಿದರೆ ಸಾಕು. ಇನ್ನು ಕೆಲವರು ಹೇಳುವುದು: ಪಟಿಕವೂ ಒಂದು ಉಪ್ಪೇ. ಮೂರು ಚಾರ್ಜಿನ ಅಲ್ಯೂಮಿನಿಯಂ ಇರುವುದರಿಂದ ಮರೆ ಜೋರಾಗಿ ಆಗುತ್ತೆ, ಇಳಿಯದಿದ್ದರೆ ಇನ್ನಷ್ಟು ಹಾಕಿ.

ಎರಡನೆಯ ವಾದದಲ್ಲಿ ಭೌತಶಾಸ್ತ್ರ ಇದ್ದಂತೆ ಕಾಣುತ್ತೆ. ಲೆಕ್ಕ ಹಾಕಿ ನೋಡೋಣ. ಲೀಟರಿಗೆ 30 ಮಿಲಿಗ್ರಾಂ ಆಲಂ ಹಾಕಿದರೆ ಅಲ್ಯೂಮಿನಿಯಂ ಸುಮಾರು 0.1 ಮಿಲಿಮೋಲ್, ಸಲ್ಫೇಟ್ 0.14. ಅಲ್ಯೂಮಿನಿಯಂ ಪೂರ್ತಿ ಮೂರು ಚಾರ್ಜಿನ ಅಯಾನಾಗೇ ಉಳಿಯುತ್ತೆ ಅಂತ ಧಾರಾಳವಾಗಿ ಒಪ್ಪಿಕೊಂಡರೂ I ಹೆಚ್ಚುವುದು 0.7 ಮಿಲಿಮೋಲ್ ಮಾತ್ರ. 1.5 ಇದ್ದದ್ದು 2.2 ಆಯಿತು. ಡಿಬೈ ಉದ್ದ 7.85ರಿಂದ 6.5ಕ್ಕೆ ಇಳಿಯಿತು. ಇಷ್ಟರಿಂದ ಕೊಡದ ನೀರು ಅರ್ಧ ಗಂಟೆಯಲ್ಲಿ ತಿಳಿಯಾಗುವುದಿಲ್ಲ. ಆದರೂ ಆಗುತ್ತದಲ್ಲ! ಅಂದರೆ ಆಲಂ ಮಾಡುವ ಕೆಲಸ ಮರೆ ಮಾಡುವುದು ಅಲ್ಲ.

ನಿಜವಾಗಿ ಆಗುವುದು ಹೀಗೆ. ನದಿ ನೀರಿನ ಪಿಎಚ್ 7–8ರ ಆಸುಪಾಸು ಇರುತ್ತೆ. ಆ ನೀರಲ್ಲಿ ಅಲ್ಯೂಮಿನಿಯಂ ಬಿಡಿ ಅಯಾನಾಗಿ ಬದುಕುವುದೇ ಇಲ್ಲ. ಬೈಕಾರ್ಬೋನೇಟನ್ನು ಖರ್ಚು ಮಾಡಿ ಕೂಡಲೇ ಹೈಡ್ರಾಕ್ಸೈಡ್ ಆಗುತ್ತೆ. ಆ ದಾರಿಯಲ್ಲಿ ಹುಟ್ಟುವ ಧನ ಚಾರ್ಜಿನ ತುಣುಕುಗಳು ಜೇಡಿ ಹಾಳೆಯ ಮೈಗೇ ಹೋಗಿ ಅಂಟಿಕೊಳ್ಳುತ್ತವೆ. ಹಾಳೆಯ ಚಾರ್ಜೇ ರದ್ದಾಗುತ್ತೆ. ಉಳಿದ ಹೈಡ್ರಾಕ್ಸೈಡ್ ಹತ್ತಿಯಂಥ ಬಿಳಿ ಎಸಳುಗಳಾಗಿ ಇಳಿಯುವಾಗ ದಾರಿಯಲ್ಲಿ ಸಿಕ್ಕ ಕಣಗಳನ್ನು ಗುಡಿಸಿಕೊಂಡು ಹೋಗುತ್ತೆ.

ವ್ಯತ್ಯಾಸ ಹೆಸರಿನದ್ದು ಮಾತ್ರ ಅಲ್ಲ. ಉಪ್ಪು ಚಾರ್ಜಿನ ಪ್ರಭಾವ ತಲುಪುವ ದೂರವನ್ನು ಕಡಿಮೆ ಮಾಡುತ್ತೆ, ಚಾರ್ಜನ್ನು ಮುಟ್ಟುವುದಿಲ್ಲ. ಆಲಂ ಚಾರ್ಜನ್ನೇ ಅಳಿಸುತ್ತೆ, ದೂರವನ್ನು ಹೆಚ್ಚುಕಡಿಮೆ ಮುಟ್ಟುವುದಿಲ್ಲ. ಎರಡನ್ನೂ ಬೇರೆ ಮಾಡಿ ಗುರುತಿಸಲು ಒಂದು ಗಟ್ಟಿ ಸಾಕ್ಷಿ ಇದೆ. ಉಪ್ಪು ಎಷ್ಟು ಜಾಸ್ತಿ ಹಾಕಿದರೂ ನೀರು ಮತ್ತೆ ರಾಡಿಯಾಗುವುದಿಲ್ಲ. ಆಲಂ ಮಿತಿ ಮೀರಿದರೆ ಆಗಬಹುದು. ಧನ ತುಣುಕುಗಳು ಬೇಕಾದ್ದಕ್ಕಿಂತ ಜಾಸ್ತಿ ಅಂಟಿ ಹಾಳೆಗಳೆಲ್ಲ ಈಗ ಧನವಾಗುತ್ತವೆ. ಎಲ್ಲವೂ ಒಂದೇ ಚಾರ್ಜ್. ಮತ್ತೆ ದೂಡಾಟ ಶುರು. ಇಳಿಯದಿದ್ದರೆ ಇನ್ನಷ್ಟು ಹಾಕಿ ಅನ್ನುವ ಸಲಹೆ ಕೈಕೊಡುವುದು ಇಲ್ಲೇ.

ಅತಿಯಾದ ಆಲಂಗೆ ಇನ್ನೊಂದು ತೊಂದರೆ. ಕ್ಷಾರತೆ ಅಂದರೆ ಆಮ್ಲವನ್ನು ತಡೆದುಕೊಳ್ಳುವ ನೀರಿನ ಶಕ್ತಿ, ಅದನ್ನು ಕ್ಯಾಲ್ಸಿಯಂ ಕಾರ್ಬೋನೇಟ್ ಲೆಕ್ಕದಲ್ಲಿ ಹೇಳುತ್ತಾರೆ. ಲೀಟರಿಗೆ ಒಂದು ಮಿಲಿಗ್ರಾಂ ಆಲಂ ಸುಮಾರು ಅರ್ಧ ಮಿಲಿಗ್ರಾಂ ಕ್ಷಾರತೆ ತಿನ್ನುತ್ತೆ. ನಮ್ಮ ಮಾದರಿ ಹೊಸ ನೀರಲ್ಲಿ ಇರುವ ಕ್ಷಾರತೆ 50 ಮಿಲಿಗ್ರಾಂ ಮಾತ್ರ. ಆಲಂ ನೂರು ಮಿಲಿಗ್ರಾಂ ಹತ್ತಿರ ಹೋದರೆ ಕ್ಷಾರತೆ ಖಾಲಿ. ಆಮೇಲೆ ಪಿಎಚ್ ಕುಸಿಯುತ್ತೆ, ಅಲ್ಯೂಮಿನಿಯಂ ಇಳಿಯುವ ಬದಲು ಕರಗಿಯೇ ಉಳಿಯುತ್ತೆ. ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500 ಪ್ರಕಾರ ಅಲ್ಯೂಮಿನಿಯಂ ಲೀಟರಿಗೆ 0.03 ಮಿಲಿಗ್ರಾಂ ಮೀರಬಾರದು, ಬೇರೆ ನೀರೇ ಇಲ್ಲದಾಗ 0.2ರವರೆಗೆ. ಅದಕ್ಕೇ ಫಿಲ್ಟರ್ ಬೆಡ್‌ಗಳಲ್ಲಿ ಜಾರ್ ಟೆಸ್ಟ್ ಮಾಡುವುದು. ಒಂದೇ ನೀರನ್ನು ಆರು ಜಾಡಿಗೆ ಹಾಕಿ, ಬೇರೆ ಬೇರೆ ಪ್ರಮಾಣದ ಆಲಂ ಕಲಕಿ, ಯಾವುದು ಚೆನ್ನಾಗಿ ಇಳಿಯಿತು ಅಂತ ನೋಡುತ್ತಾರೆ. ಹೊಳೆಯ ನೀರು ದಿನಕ್ಕೊಂದು ಬಗೆ ಇರುವಾಗ ನಿನ್ನೆಯ ಪ್ರಮಾಣ ಇವತ್ತಿಗೆ ಸರಿ ಬರುತ್ತೆ ಅನ್ನುವ ಖಾತ್ರಿ ಇಲ್ಲ.

ಮೊದಲನೆಯ ವಾದ, ಬೋರ್ ನೀರು ಬೆರೆಸುವುದು? ಅರ್ಧಕ್ಕರ್ಧ ಬೆರೆಸಿದರೆ I 6.25 ಮಿಲಿಮೋಲ್, ಡಿಬೈ ಉದ್ದ 3.8 ನ್ಯಾನೋಮೀಟರ್. ಆಲಂ ಮಾಡುವ ಬದಲಾವಣೆಗಿಂತ ಇದು ಎಷ್ಟೋ ದೊಡ್ಡದು. ದಿಬ್ಬ ತಗ್ಗುತ್ತೆ, ನೀರು ಮೊದಲಿಗಿಂತ ಬೇಗ ಇಳಿಯುತ್ತೆ. ಆ ಮಟ್ಟಿಗೆ ವಾದ ಸರಿ. ಆದರೆ ಹುಟ್ಟುವ ಗಂಟುಗಳು ಸಣ್ಣವು, ಸಡಿಲವಾದವು. ಹೈಡ್ರಾಕ್ಸೈಡಿನಂತೆ ಗುಡಿಸಿಕೊಂಡು ಹೋಗುವುದು ಏನೂ ಇಲ್ಲ. ಜೊತೆಗೆ ಈ ಭಾಗದ ಕೆಲವು ಬೋರ್‌ಗಳಲ್ಲಿ ಫ್ಲೋರೈಡ್ ಇದೆ. ರಾಡಿ ಕಣ್ಣಿಗೆ ಕಾಣುತ್ತೆ, ಫ್ಲೋರೈಡ್ ಕಾಣುವುದಿಲ್ಲ. ಬರೀ ಅಡುಗೆ ಉಪ್ಪಿನಿಂದ ತಿಳಿ ಮಾಡುತ್ತೇವೆ ಅಂದರೆ, ಡಿಬೈ ಉದ್ದ 1 ನ್ಯಾನೋಮೀಟರ್‌ಗೆ ತರಲು ಲೀಟರಿಗೆ 5 ಗ್ರಾಂ ಬೇಕು. ಅದನ್ನು ಕುಡಿಯುವವರು ಯಾರು?

ಕಾಯಿಸಿದರೆ? ಕ್ರಿಮಿಗಳು ಸಾಯುತ್ತವೆ, ರಾಡಿ ಇಳಿಯುವುದಿಲ್ಲ. ಬಿಸಿಯಾದರೆ ಮೋಡ ಚದುರಿ ಉದ್ದ ಹೆಚ್ಚಬೇಕಿತ್ತು. ಆದರೆ ಬಿಸಿ ನೀರು ಚಾರ್ಜುಗಳ ನಡುವಿನ ಬಲವನ್ನು ತಣ್ಣೀರಿನಷ್ಟು ತಗ್ಗಿಸುವುದಿಲ್ಲ, ಹಾಗಾಗಿ ಎಳೆತವೂ ಜೋರಾಗುತ್ತೆ. ಎರಡೂ ಹೆಚ್ಚುಕಡಿಮೆ ಸರಿದೂಗಿ ಡಿಬೈ ಉದ್ದ ಇದ್ದಲ್ಲೇ ಇರುತ್ತೆ. ಕ್ಲೋರಿನ್ ಹಾಕುವುದಾದರೆ ರಾಡಿ ತೆಗೆದ ಮೇಲೆಯೇ ಹಾಕಬೇಕು. ಮಣ್ಣಿನ ಕಣಗಳ ಸಂದಿಯಲ್ಲಿ ಕೂತ ಕ್ರಿಮಿಗಳಿಗೆ ಅದು ತಲುಪುವುದಿಲ್ಲ.

ಟ್ಯೂಬ್‌ಲೈಟ್‌ನೊಳಗೂ ಇದೇ ಲೆಕ್ಕ

ಅಯಾನುಗಳ ಮೋಡಕ್ಕೆ ನೀರೇ ಬೇಕಂತಿಲ್ಲ. ಉರಿಯುವ ಟ್ಯೂಬ್‌ಲೈಟ್‌ನೊಳಗಿನ ಪ್ಲಾಸ್ಮಾದಲ್ಲಿ, ಅಂದರೆ ಅಯಾನು ಮತ್ತು ಎಲೆಕ್ಟ್ರಾನುಗಳಾಗಿ ಒಡೆದ ಅನಿಲದಲ್ಲಿ, ಎಲೆಕ್ಟ್ರಾನುಗಳೇ ಈ ಕೆಲಸ ಮಾಡುತ್ತವೆ. ಅಲ್ಲಿ ಡಿಬೈ ಉದ್ದ ಮಿಲಿಮೀಟರಿನ ನೂರನೇ ಒಂದೆರಡು ಭಾಗ. ರೇಡಿಯೋ ಅಲೆಗಳನ್ನು ಹಿಂದಕ್ಕೆ ಕಳಿಸುವ ಅಯಾನುಗೋಳದಲ್ಲಿ ಕೆಲವು ಮಿಲಿಮೀಟರ್. ಕಣಗಳು ವಿರಳ, ಬಿಸಿ ಜಾಸ್ತಿ, ಹಾಗಾಗಿ ಉದ್ದ ಇಷ್ಟು ದೊಡ್ಡದು.

ತಮಾಷೆ ಏನೆಂದರೆ ಈ ಸಿದ್ಧಾಂತ ನೀರಿಗಿಂತ ಪ್ಲಾಸ್ಮಾಕ್ಕೇ ಚೆನ್ನಾಗಿ ಒಪ್ಪುತ್ತೆ. ಮೋಡ ಅಂತ ಸರಾಸರಿ ಲೆಕ್ಕ ಹಾಕಬೇಕಾದರೆ ಅದರಲ್ಲಿ ತುಂಬಾ ಕಣ ಇರಬೇಕು. ಟ್ಯೂಬ್‌ಲೈಟ್‌ನಲ್ಲಿ ಒಂದು ಡಿಬೈ ಉದ್ದದ ತ್ರಿಜ್ಯದ ಗೋಳದಲ್ಲಿ ಸಾವಿರಾರು ಎಲೆಕ್ಟ್ರಾನುಗಳು ಇರುತ್ತವೆ. ನಮ್ಮ ಹೊಸ ನೀರಿನ ಅಂಥ ಗೋಳದಲ್ಲಿ ಇರುವುದು ಸರಾಸರಿ ಎರಡು ಅಯಾನು. ಎರಡು! ಜೇಡಿ ಹಾಳೆ ಅಗಲವಾಗಿರುವುದರಿಂದ, ಅಯಾನುಗಳು ಕ್ಷಣಕ್ಷಣಕ್ಕೂ ಜಾಗ ಬದಲಿಸುವುದರಿಂದ ಸರಾಸರಿ ಹೇಗೋ ಕೂಡಿಬರುತ್ತೆ. ಸಮುದ್ರದಷ್ಟು ಉಪ್ಪಿರುವ ನೀರಲ್ಲಿ ಡಿಬೈ ಉದ್ದ ಅಯಾನಿನ ಗಾತ್ರಕ್ಕೇ ಇಳಿಯುತ್ತೆ, ಅಲ್ಲಿ ಸೂತ್ರವನ್ನು ಅಂದಾಜಿಗಷ್ಟೇ ನಂಬಬೇಕು. ಹಾಳೆಗೆ ತೀರ ಅಂಟಿದ ಜಾಗದಲ್ಲೂ ಅಷ್ಟೇ. ಅಲ್ಲಿ ವಿಭವ 100 ಮಿಲಿವೋಲ್ಟ್ ಇದ್ದರೆ ಧನ ಅಯಾನುಗಳು 50 ಪಟ್ಟಿಗೂ ಮೇಲೆ ಸೇರುತ್ತವೆ. ಪಾಲಿನ ಲೆಕ್ಕ ಅಲ್ಲಿ ಮುರಿಯುತ್ತೆ, ಕುಸಿತ ಇನ್ನೂ ಕಡಿದಾಗಿರುತ್ತೆ. ಸ್ವಲ್ಪ ಹೊರಗೆ ಬಂದ ಮೇಲೆ ಮಾಮೂಲಿ ಘಾತೀಯ ಬಾಲ.

ಎರಡು ಬಾಟಲಿಯಲ್ಲಿ ನೋಡುವುದು

ಇದನ್ನು ಮನೆಯಲ್ಲೇ ನೋಡಬಹುದು. ಒಂದು ಚಮಚ ಎರಿ ಮಣ್ಣನ್ನು ಆರ್‌ಒ ನೀರಲ್ಲಿ ಕಲಸಿ, ಮರಳು ಇಳಿದ ಮೇಲೆ ಮೇಲಿನ ರಾಡಿಯನ್ನು ಎರಡು ಬಾಟಲಿಗೆ ಸಮನಾಗಿ ಹಾಕಬೇಕು. ಒಂದಕ್ಕೆ ಲೀಟರಿಗೆ ಒಂದು ಚಮಚದ ಲೆಕ್ಕದಲ್ಲಿ ಉಪ್ಪು. ಇನ್ನೊಂದು ಹಾಗೇ.

ಇಲ್ಲಿ ಹಲವರು ಎಡವುತ್ತಾರೆ. ಎರಡೂ ಬಾಟಲಿ ಒಂದೇ ರೀತಿ ತಿಳಿಯಾಗಿಬಿಡಬಹುದು. ಆಗ ಸಿದ್ಧಾಂತ ಸುಳ್ಳು ಅನಿಸುತ್ತೆ. ಕಾರಣ ಮಣ್ಣಿನಲ್ಲೇ ಇದೆ. ಎರಿ ಮಣ್ಣಲ್ಲಿ ಸುಣ್ಣದ ಹರಳು ಇರುತ್ತವೆ, ಹೊಲದ ಉಪ್ಪೂ ಇರುತ್ತೆ. ಅವು ಕರಗಿ ಆರ್‌ಒ ನೀರನ್ನೂ ಬೋರ್ ನೀರಿನಂತೆ ಮಾಡಿಬಿಡುತ್ತವೆ. ಅಂಥಾಗ ಇಳಿದ ಮಣ್ಣಿನ ಮೇಲಿನ ತಿಳಿ ನೀರನ್ನು ಚೆಲ್ಲಿ, ಹೊಸ ಆರ್‌ಒ ನೀರು ಹಾಕಿ ಮತ್ತೆ ಕಲಕಬೇಕು. ಇನ್ನೊಮ್ಮೆ, ಮತ್ತೊಮ್ಮೆ. ಬೀದರಿನ ಕೆಂಪು ಜಂಬಿಟ್ಟಿಗೆ ಮಣ್ಣಾದರೆ ಫಲಿತಾಂಶ ಇಷ್ಟು ಚೊಕ್ಕ ಬರದೇ ಇರಬಹುದು, ಅದರ ಜೇಡಿಯಲ್ಲಿ ಚಾರ್ಜೇ ಕಡಿಮೆ. ಎರಿ ಮಣ್ಣಲ್ಲಿ ಮಾತ್ರ ತೊಳೆದಷ್ಟೂ ಕೊಳೆ ಹೋಗುವ ಬದಲು ರಾಡಿ ಗಟ್ಟಿಯಾಗುತ್ತಾ ಬರುತ್ತೆ. ಮೊದಲ ಸಲ ಗಂಟೆಯಲ್ಲಿ ಇಳಿದ ಮಣ್ಣು ಮೂರನೇ ಸಲ ಮರುದಿನವೂ ಇಳಿದಿರುವುದಿಲ್ಲ. ಆ ಬಾಟಲಿಗೆ ಟಿಡಿಎಸ್ ಮೀಟರ್ ಅದ್ದಿದರೆ ಅದು ತೋರಿಸುವ ಸಂಖ್ಯೆ ಮೊದಲ ಸಲಕ್ಕಿಂತ ಕಡಿಮೆ ಇರುತ್ತೆ.